ಪಕ್ಕಕ್ಕಿಟ್ಟ ಹಾಳೆ

ರಿಹಾನಾ ಮೇಡಂ ಮಾತಾಡುತ್ತಿದ್ದದ್ದು ಎದುರಿಗಿದ್ದವರ ಜೊತೆಯಲ್ಲ, ತಮ್ಮ ಪೆನ್ನಿನ ಕ್ಯಾಪಿನ ಜೊತೆ. ಅದನ್ನು ತಿರುಗಿಸುತ್ತಾ, ಅದನ್ನೇ ನೋಡುತ್ತಾ, ಅದಕ್ಕೆ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ನಮ್ಮ ಆಫೀಸಿನ ಜವಾನ ಮೂರು ಸಲ "ಏನಂದ್ರಿ ಮೇಡಂ?" ಅಂತ ಕೇಳಿ, ಕೊನೆಗೆ ಟೀ ಇರಬೇಕು ಅಂದುಕೊಂಡು ಟೀ ತಂದುಕೊಡುತ್ತಿದ್ದ. ಅವರು ಕೇಳಿದ್ದು ಫೈಲಾಗಿದ್ದರೂ ಸುಮ್ಮನೆ ಟೀ ಕುಡಿದುಬಿಡುತ್ತಿದ್ದರು. ಅಂಥ ಹೆಣ್ಣುಮಗಳು.

ನಾನು ತುಮಕೂರಿನ ಆ ನೀರಾವರಿ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷದಲ್ಲಿ ಹದಿನಾರು ಇಂಜಿನಿಯರುಗಳ ನಕ್ಷೆ ಬರೆದಿದ್ದೆ. ಕೆಲಸ ಬಾರದೆ ಬಾಯಿ ಜೋರಿದ್ದವರನ್ನು ಬೇಕಾದಷ್ಟು ಕಂಡಿದ್ದೆ. ಕೆಲಸ ಬಂದು ಬಾಯಿ ಬಾರದವರು ಅಂತ ಸಿಕ್ಕಿದ್ದು ಇವರೊಬ್ಬರೇ. ತಂದೆಗೆ ಶಿರಾ ಗೇಟ್ ಹತ್ತಿರ ಸೈಕಲ್ ಅಂಗಡಿ. ನಾಲ್ಕು ಮಕ್ಕಳಲ್ಲಿ ಇಂಜಿನಿಯರಿಂಗ್ ಓದಿದ್ದು ಈಕೆ ಮಾತ್ರ.

ತೊಂಬತ್ತರ ದಶಕದ ಕೊನೆಯ ಮಾತು. ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಒಂದು ಹಳೇ ಕೆರೆ ಅವರ ಸುಪರ್ದಿಗೆ ಬಂತು. ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಜಿನುಗದ ಕೆರೆ ಏರಿ ಎಲ್ಲಿದೆ? ಎಲ್ಲರೂ ನೋಡಿ ಬಂದು ಸುಮ್ಮನಿದ್ದರು. ಮೇಡಂ ಮಾತ್ರ "ಇರ್ಲಿ, ಒಂದ್ಸಲ ಅಳ್ದುಬಿಡೋಣ" ಅಂತ ಒಂದು ತಗಡಿಗೆ ವಿ ಆಕಾರದ ಕಚ್ಚು ಕೊಯ್ಯಿಸಿ, ಜಿನುಗುವ ನೀರೆಲ್ಲ ಅದರ ಮೂಲಕವೇ ಹರಿಯುವ ಹಾಗೆ ಕೂರಿಸಿದರು. ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತೆ ಅಂತ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರೆದುಕೊಂಡು ಬರುತ್ತಿದ್ದರು. ಜೊತೆಗೆ ಒಂದು ಬಾಟಲಿ ನೀರು. ಬಾಟಲಿಗಳಿಗೆಲ್ಲ ಚೀಟಿ ಅಂಟಿಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದರು. "ಏನ್ ಮೇಡಂ, ಶರಬತ್ ಅಂಗಡಿನಾ?" ಅಂತ ನಾನೇ ರೇಗಿಸಿದ್ದೆ. ಕಾರ್ತಿಕದ ಹೊತ್ತಿಗೆ ಬಾಟಲಿಯ ತಳದಲ್ಲಿ ಬೆರಳು ದಪ್ಪ ಕೆಸರು ಕೂತಾಗ ನನ್ನ ನಗೆ ನಿಂತಿತು. ತಿಳಿನೀರು ಜಿನುಗಿದರೆ ಅಷ್ಟು ಭಯವಿಲ್ಲ. ಬಗ್ಗಡ ಬಂದರೆ ಏರಿಯ ಹೊಟ್ಟೆಯೊಳಗಿನ ಮಣ್ಣೇ ಕೊಚ್ಚಿಕೊಂಡು ಬರುತ್ತಿದೆ ಅಂತ ಅರ್ಥ. ಏರಿಯ ಕೆಳಗೆ ಒಂದು ಊರಿತ್ತು.

ಏರಿಯ ಮೇಲಿನ ಒತ್ತಡ ತಗ್ಗಬೇಕಾದರೆ ಕೆರೆಯ ನೀರಿನ ಮಟ್ಟ ಇಳಿಸಬೇಕು, ಅದಕ್ಕೆ ದೊಡ್ಡ ಸಾಹೇಬರ ಅಪ್ಪಣೆ ಬೇಕು. ಆ ತಿಂಗಳ ರಿವ್ಯೂ ಸಭೆಯಲ್ಲಿ ಮೇಡಂ ಮಾತಾಡಲು ನಿಂತರು. ನಾಲ್ಕನೇ ಹಾಳೆಗೇ ಸಾಹೇಬರು "ಏನಮ್ಮಾ, ಪಾಠ ಮಾಡ್ತಿದೀಯಾ? ಮುಂದಿನ ಸಲ ನೋಡೋಣ" ಅಂತ ಕೂರಿಸಿಬಿಟ್ಟರು. ಮುಂದಿನ ಸಲ ಅಂದರೆ ಇನ್ನೊಂದು ತಿಂಗಳು. ಅಷ್ಟರಲ್ಲಿ ಕೆರೆ ಕೋಡಿ ಬೀಳುವಷ್ಟು ತುಂಬಿತ್ತು, ಬಗ್ಗಡ ಇನ್ನೂ ಗಟ್ಟಿಯಾಗಿತ್ತು. ಈ ಸಲವೂ ಕೂರಿಸಿದರೆ ಮತ್ತೆ ಕೇಳಲು ಏರಿ ಇರುತ್ತೋ ಇಲ್ಲವೋ.

ರಿವ್ಯೂ ಹಿಂದಿನ ಸಂಜೆ ಮೇಡಂ ತಮ್ಮ ಅಣ್ಣನ ಸ್ಕೂಟರಿನಲ್ಲಿ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ರೊಜೆಕ್ಟರಿಗೆ ಹಾಕುವ ಪಾರದರ್ಶಕ ಹಾಳೆಗಳ ಕಟ್ಟು. ಇಪ್ಪತ್ತಾರು ಹಾಳೆ, ಎಲ್ಲ ನನ್ನದೇ ಕೈಬರಹ. "ಒಂದ್ಸಲ ಕೇಳ್ತೀರಾ ಗಂಗಾಧರಪ್ಪನವರೇ?" ಅಂದರು. ಅವರಣ್ಣ ಜಗುಲಿಯಲ್ಲಿ ಪೇಪರ್ ಹಿಡಿದು ಕೂತ. ನಾನು ಗಡಿಯಾರ ಹಿಡಿದು ಕೂತೆ, ನನ್ನ ಹೆಂಡತಿ ಜಯಮ್ಮ ಸೊಪ್ಪು ಬಿಡಿಸುತ್ತಾ ಕೂತಳು.

ಶುರುವಾಯಿತು. ಕೆರೆಯ ಇತಿಹಾಸ, ಮಳೆಯ ಲೆಕ್ಕ, ಮಣ್ಣಿನ ಜಾತಿ, ತಗಡಿನ ಕಚ್ಚನ್ನು ಕೂರಿಸಿದ ರೀತಿ. ಅವರಿಗೆ ಕೊಟ್ಟಿದ್ದು ಹದಿನೈದು ನಿಮಿಷ. ಒಂಬತ್ತನೇ ಹಾಳೆಗೇ ಅದು ಮುಗಿದಿತ್ತು. ನೀರು ಇಳಿಸಬೇಕು ಅನ್ನುವ ಮಾತು ಇದ್ದದ್ದು ಇಪ್ಪತ್ತೈದನೆಯದರಲ್ಲಿ. ಜಯಮ್ಮ ಆಕಳಿಸಿದಳು. ಮೇಡಂ ಕಣ್ಣಲ್ಲಿ ನೀರು ತುಂಬಿಕೊಂಡು "ನನ್ ಕೈಲಾಗಲ್ಲ ಬಿಡಿ" ಅಂದರು.

ಅಯ್ಯೋ ಅನ್ನಿಸಿತು. ತಪ್ಪು ದನಿಯದಲ್ಲ ಅಂತ ಅಲ್ಲೇ ಹೊಳೆಯಿತು. ನಾವೆಲ್ಲ ಫೈಲಿನಲ್ಲಿ ಟಿಪ್ಪಣಿ ಬರೆದು ಬರೆದು ಹಾಳಾದವರು. ವಿಷಯ, ಉಲ್ಲೇಖ, ಪೀಠಿಕೆ, ಹಿಂದೆ ನಡೆದದ್ದು, ಕಟ್ಟಕಡೆಗೆ ಒಂದು ಸಾಲು, ಆದೇಶಕ್ಕಾಗಿ ಸಲ್ಲಿಸಿದೆ. ಮೇಡಂ ಆ ಟಿಪ್ಪಣಿಯನ್ನೇ ಬಾಯಲ್ಲಿ ಹೇಳುತ್ತಿದ್ದರು.

"ಮೇಡಂ, ಸಾಹೇಬ್ರು ಫೈಲ್ ಹೆಂಗೆ ಓದ್ತಾರೆ ಅಂತ ನೋಡಿದೀರಾ?" ಅಂದೆ. "ಮೊದ್ಲು ಕೊನೇ ಪ್ಯಾರಾ ತೆಗೀತಾರೆ. ಏನು ಕೇಳ್ತಾವ್ರೆ ಅಂತ ನೋಡ್ತಾರೆ. ಅನುಮಾನ ಬಂದ್ರೆ ಮಾತ್ರ ಹಿಂದಕ್ಕೆ ತಿರುಗಿಸ್ತಾರೆ. ಫೈಲಾದ್ರೆ ಅವ್ರೇ ತಿರುಗಿಸ್ಕೋತಾರೆ. ಮಾತನ್ನ ಯಾರು ತಿರುಗಿಸ್ತಾರೆ? ನೀವೇ ತಿರುಗಿಸ್ಕೊಡಬೇಕು."

ಅವರು ಕ್ಯಾಪ್ ತಿರುಗಿಸುವುದನ್ನು ನಿಲ್ಲಿಸಿದರು. ಹಾಳೆಗಳನ್ನೆಲ್ಲ ನಡುಮನೆಯ ನೆಲದ ಮೇಲೆ ಹರಡಿದರು. ಆಮೇಲೆ ನಾನು ಕಂಡದ್ದು ಬೇರೆಯೇ ಹೆಂಗಸು. ಪ್ರತಿ ಹಾಳೆಯನ್ನೂ ಎತ್ತಿ ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು: "ಇದಿಲ್ದಿದ್ರೆ ಅವ್ರು ಅಪ್ಪಣೆ ಕೊಡಲ್ವಾ?" ಕೊಡುತ್ತಾರೆ ಅನ್ನಿಸಿದರೆ ಗೋಡೆಯ ಪಕ್ಕದ ಕಟ್ಟಿಗೆ. ಅದನ್ನು ಎಸೆಯುವುದಿಲ್ಲ, ಯಾರಾದರೂ ಕೇಳಿದರೆ ತೆಗೆದು ತೋರಿಸಲು ಅಂತ ಮೂಲೆಯಲ್ಲಿ ನಂಬರು ಹಾಕಿ ಇಡುವುದು. ಇತಿಹಾಸ ಹೋಯಿತು, ಮಣ್ಣು ಹೋಯಿತು. ಎರಡು ತಿಂಗಳು ಕೂತು ಮಾಡಿದ ಮಳೆಯ ಲೆಕ್ಕ ಕೈಗೆ ಬಂದಾಗ ಮಾತ್ರ ಬಹಳ ಹೊತ್ತು ಹಿಡಿದುಕೊಂಡಿದ್ದರು. ಅದೂ ಹೋಯಿತು.

ಮೊದಲನೇ ಹಾಳೆಯನ್ನು ಹೊಸದಾಗಿ ಬರೆಸಿದರು. "ಏರಿಯೊಳಗಿನ ಮಣ್ಣು ಕೊಚ್ಚಿಹೋಗುತ್ತಿದೆ. ದಿನಕ್ಕೆ ಅರ್ಧ ಅಡಿಯಂತೆ ಆರು ಅಡಿ ನೀರು ಇಳಿಸಲು ಇಂದೇ ಅಪ್ಪಣೆ ಬೇಕು." ಒಂದೇ ಸಲ ಇಳಿಸಿದರೆ ನೆನೆದ ಏರಿಯ ಒಳಮೈ ಜಾರುತ್ತೆ, ಅದಕ್ಕೆ ಅರ್ಧ ಅಡಿ.

ಉಳಿದ ಹಾಳೆಗಳ ತಲೆಬರಹವನ್ನೂ ಬದಲಾಯಿಸಿದರು. "ಜಿನುಗು ನೀರಿನ ಅಳತೆಗಳು" ಅಂತ ಇದ್ದದ್ದನ್ನು ಅಳಿಸಿ, "ಕೆರೆಯ ಮಟ್ಟ ಅಷ್ಟೇ ಇದ್ದರೂ ಜಿನುಗು ಎರಡೂಮುಕ್ಕಾಲು ಪಟ್ಟಾಗಿದೆ" ಅಂತ ಪೂರ್ತಿ ವಾಕ್ಯ ಬರೆಯಲು ಹೇಳಿದರು. "ನನ್ ದನಿ ಕೇಳಿಸ್ದಿದ್ರೂ ತಲೆಬರಹ ಓದ್ಕೋತಾರಲ್ಲ" ಅಂದರು.

"ಕೆರೆ ತುಂಬಿದೆ, ಅದಕ್ಕೇ ಜಾಸ್ತಿ ಜಿನುಗುತ್ತೆ ಅಂದ್ರೆ?" ಅಂತ ನಾನು ಕೆಣಕಿದೆ.

"ಅಂತಾರೆ. ಅದಕ್ಕೇ ಹದಿನೆಂಟು ಅಡಿ ಇದ್ದ ದಿನಗಳನ್ನ ಮಾತ್ರ ತಗೊಂಡಿದೀನಿ. ಆಷಾಢದಲ್ಲಿ ಹದಿನೆಂಟಕ್ಕೆ ಕಚ್ಚಲ್ಲಿ ಎರಡಿಂಚು, ಕಾರ್ತಿಕದಲ್ಲಿ ಅದೇ ಹದಿನೆಂಟಕ್ಕೆ ಮೂರಿಂಚು. ಒಂದಿಂಚು ತಾನೇ ಅನ್ಸುತ್ತೆ. ಕಚ್ಚು ಮೇಲೆ ಹೋದಷ್ಟೂ ಅಗಲ ಆಗುತ್ತಲ್ವಾ, ನೀರಿನ ಲೆಕ್ಕ ಮಾಡಿದ್ರೆ ಎರಡೂಮುಕ್ಕಾಲು ಪಟ್ಟು. ಇಂಚು ಬೇಡ, ನೀರನ್ನೇ ಬರೀರಿ."

ಅದು ಎರಡನೇ ಹಾಳೆಯಾಯಿತು, ಮೂರನೆಯದು ಬಾಟಲಿಗಳ ಕೆಸರು. ನಾಲ್ಕನೆಯದು ಏರಿಯ ಮೇಲೆ ಹೊಸದಾಗಿ ಕುಸಿದಿದ್ದ ತಗ್ಗು. ಐದನೆಯದು ಬುಡಕ್ಕೆ ಮರಳು, ಜಲ್ಲಿ ಹಾಸಿ, ಮಣ್ಣನ್ನು ತಡೆದು ನೀರನ್ನು ಮಾತ್ರ ಬಿಡುವ ಸೋಸುವ ಪದರದ ನಕ್ಷೆ. ಆರನೆಯದು ಗದ್ದೆಯವರದು: ಮೇಲಿನ ಆರು ಅಡಿಯಲ್ಲೇ ಕೆರೆಯ ಅರ್ಧಕ್ಕೂ ಹೆಚ್ಚು ನೀರಿದೆ, ಅದು ಹೋದರೆ ಕಾಲುವೆಯ ಕೊನೆಯ ಗದ್ದೆಗಳಿಗೆ ಭತ್ತ ಹಾಲುಗಟ್ಟುವಾಗ ನೀರಿಲ್ಲ, ಬಿಟ್ಟ ನೀರನ್ನು ಸರದಿಯಲ್ಲಿ ಹಂಚಿ, ಆಮೇಲೆ ಕೊಳವೆಬಾವಿಯಿಂದ ಪಂಪು ಹಾಕಿಸಿ ಕೊಡಬೇಕು ಅಂತ.

ಜಯಮ್ಮನನ್ನು ಎದುರು ಕೂರಿಸಿ ಮೊದಲನೇ ಹಾಳೆ ತೋರಿಸಿದರು. ಏನೂ ಹೇಳದೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದರು. ಜಯಮ್ಮ ಓದಿಕೊಂಡು "ಏರಿ ಒಡೀತದೆ, ನೀರು ಬಿಡ್ಬೇಕು, ಅಷ್ಟೇ ತಾನೆ?" ಅಂದಳು. ಮೇಡಂ ಆ ದಿನ ಮೊದಲ ಸಲ ನಕ್ಕರು. ಅಷ್ಟಕ್ಕೇ ಬಿಡದೆ ಜಯಮ್ಮ "ಸರಿ ಕಣಮ್ಮ, ನೀರು ಬುಟ್ರೆ ಗದ್ದೆಯವ್ರ ಗತಿ ಏನು?" ಅಂದಳು.

ನಾನು ಬುದ್ಧಿವಂತ ನೋಡಿ, ಬಾಯಿ ಹಾಕಿದೆ. "ನೋಡಿದ್ರಾ? ಸಾಹೇಬ್ರೂ ಇದನ್ನೇ ಕೇಳ್ತಾರೆ. ರೈತರ ಗಲಾಟೆ ಅಂದ್ರೆ ಸಾಕು, ಇನ್ನೊಂದು ಕಮಿಟಿ ಮಾಡಿ ಅಂತ ತಳ್ಳಿಬಿಡ್ತಾರೆ. ಆರನೇ ಹಾಳೆನ ಪಕ್ಕಕ್ಕಿಡಿ. ಕೇಳಿದ್ರೆ ತೋರ್ಸಿ."

"ಅದು ಪಕ್ಕಕ್ಕಿಡೋದಲ್ಲ ಗಂಗಾಧರಪ್ಪನವರೇ. ಕೇಳೋದ್ರಲ್ಲೇ ಸೇರಿದ್ದು."

"ನಿಮಗೆ ಏರಿ ಬೇಕೋ ಬೇಡ್ವೋ?"

ಮೇಡಂ ಮತ್ತೆ ಪೆನ್ನಿನ ಕ್ಯಾಪ್ ತಿರುಗಿಸತೊಡಗಿದರು. ಜಯಮ್ಮ ನನ್ನನ್ನು ಗುರಾಯಿಸಿದಳು. ಕೊನೆಗೆ ಮೇಡಂ ಆ ಹಾಳೆ ಎತ್ತಿ, ಮೂಲೆಯಲ್ಲಿ ನಂಬರು ಬರೆದು, ಗೋಡೆಯ ಪಕ್ಕದ ಕಟ್ಟಿನ ಮೇಲಿಟ್ಟರು.

ಮಾರನೇ ದಿನ ಪ್ರೊಜೆಕ್ಟರಿಗೆ ಹಾಳೆ ಹಾಕಿಕೊಡಲು ನಾನೂ ರಿವ್ಯೂಗೆ ಹೋಗಿದ್ದೆ. ಮೊದಲ ಹಾಳೆ ಬಿತ್ತು. ಮೇಡಂ ಬಾಯಿಪಾಠ ಮಾಡಿದ್ದ ಆ ಎರಡು ವಾಕ್ಯ ಹೇಳಿ ಸುಮ್ಮನಾದರು. ಸಾಹೇಬರು ಪಕ್ಕದವರ ಜೊತೆ ಮಾತಾಡುತ್ತಿದ್ದವರು ನಿಲ್ಲಿಸಿ ಪರದೆ ನೋಡಿದರು. "ಕೆರೆ ತುಂಬಿದೆ, ಅದಕ್ಕಲ್ವೇನಮ್ಮ?" ಅಂದರು. ಎರಡನೇ ಹಾಳೆ ಬಿತ್ತು. ಎಲ್ಲ ಸೇರಿ ಒಂಬತ್ತು ನಿಮಿಷ. "ಇಳಿಸಿ" ಅಂದರು. ಗದ್ದೆಯ ಮಾತು ಯಾರೂ ಎತ್ತಲಿಲ್ಲ. ಮೇಡಂ ಆ ಆರನೇ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಸಾಹೇಬರು ಮುಂದಿನವರನ್ನು ಕರೆದಾಗಿತ್ತು.

ಏರಿ ಉಳಿಯಿತು. ಊರೂ ಉಳಿಯಿತು. ಆದರೆ ಆದೇಶದಲ್ಲಿ ಇದ್ದದ್ದು ಇಳಿಸಿ ಅಂತ ಮಾತ್ರ. ಸರದಿ ಇಲ್ಲ, ಪಂಪು ಇಲ್ಲ. ಮೇಡಂ ಆಮೇಲೆ ಮೂರು ಪತ್ರ ಬರೆದರೂ ಒಂದಕ್ಕೂ ಉತ್ತರ ಬರಲಿಲ್ಲ. ನೀರೆಲ್ಲ ಹಳ್ಳದ ಪಾಲಾಯಿತು. ಕಾಲುವೆಯ ಕೊನೆಯಲ್ಲಿದ್ದವರ ಭತ್ತ ಜೊಳ್ಳಾಯಿತು. ಒಡೆಯದ ಏರಿ ಯಾರ ಕಣ್ಣಿಗೆ ಕಾಣುತ್ತೆ? ಜೊಳ್ಳು ಎಲ್ಲರಿಗೂ ಕಂಡಿತು. ಹುಚ್ಚೀರಮ್ಮ ಅನ್ನುವ ವಿಧವೆ ಆಫೀಸಿಗೇ ಬಂದು, ಜೊಳ್ಳು ತುಂಬಿದ ಮೊರವನ್ನು ಮೇಡಂ ಮೇಜಿನ ಮೇಲೆ ಸುರಿದು, "ತಿನ್ನವ್ವ" ಅಂದು ಹೋದಳು.

ಬೆಳೆನಷ್ಟದ ವಿಷಯವನ್ನು ರಿವ್ಯೂನಲ್ಲಿ ಏಕೆ ತಿಳಿಸಲಿಲ್ಲ ಅಂತ ಮೇಡಂಗೆ ಮೆಮೊ ಬಂತು. ಉತ್ತರದ ಪ್ರತಿ ನಾನು ಫೈಲಿನಲ್ಲಿ ಓದಿದ್ದೇನೆ. "ಆ ಹಾಳೆಯನ್ನು ಕೈಬಿಟ್ಟದ್ದು ಸಂಪೂರ್ಣವಾಗಿ ನನ್ನ ತೀರ್ಮಾನ." ಇನ್‌ಕ್ರಿಮೆಂಟು ತಡೆದು ದೂರದ ಜಿಲ್ಲೆಗೆ ವರ್ಗ ಮಾಡಿದರು. ನಾನು ಬಾಯಿ ಬಿಡಲಿಲ್ಲ. ಮಾರನೇ ವರ್ಷ ನನಗೆ ಬಡ್ತಿ ಬಂತು. ಜಯಮ್ಮ ಆ ದಿನ ಸಿಹಿ ಮಾಡಲಿಲ್ಲ.

ಏಳೆಂಟು ವರ್ಷದ ಮೇಲೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತಲೆಯಲ್ಲಿ ಬಿಳಿಕೂದಲು. ನಾನು ಗಡಿಬಿಡಿಯಲ್ಲಿ, ಆ ಏರಿಯನ್ನು ರಿಪೇರಿಗೆ ಅಗೆದಾಗ ಒಳಗೆ ಮನುಷ್ಯ ತೆವಳುವಷ್ಟು ದೊಡ್ಡ ಪೊಳ್ಳು ಸಿಕ್ಕಿತು ಅಂತ ಹೇಳಿದೆ. ಒಳ್ಳೇ ಸುದ್ದಿ ತಂದೆ ಅಂದುಕೊಂಡಿದ್ದೆ.

"ಗೊತ್ತು. ಅದ್ರಲ್ಲಿ ನಂಗೆ ಯಾವತ್ತೂ ಅನುಮಾನ ಇರ್ಲಿಲ್ಲ" ಅಂದರು.

"ಮೇಡಂ, ಹೇಳಿದ್ದು ನಾನು. ನನ್ನ ಹೆಸರು ಬರೀಬೋದಿತ್ತು."

"ಹೇಳಿದ್ದು ನೀವು, ತೆಗೆದಿಟ್ಟಿದ್ದು ನಾನು. ಬರ್ದಿದ್ದು ಸುಳ್ಳಲ್ಲ." ಬಸ್ಸು ಬರುವ ಕಡೆ ನೋಡುತ್ತಾ, "ಊರಿಗೆ ಬಂದಾಗೆಲ್ಲ ಹುಚ್ಚೀರಮ್ಮನ ಮನೆಗೆ ಹೋಗ್ತೀನಿ. ಇನ್ನೂ ಬಾಗ್ಲು ತೆಗೆಯಲ್ಲ. ನೀವೂ ಒಂದ್ಸಲ ಹೋಗ್ಬನ್ನಿ" ಅಂದರು.

ಹೋಗ್ತೀನಿ ಅಂದೆ. ಅವರ ಬಸ್ಸು ಬಂತು, ಹತ್ತಿದರು. ಆಮೇಲೆ ಅವರನ್ನು ನೋಡಿಲ್ಲ. ನಾನು ರಿಟೈರಾಗಿ ಮೂರು ವರ್ಷವಾಯಿತು, ಕೈಯಲ್ಲಿ ಒಂದು ಕೆಲಸವಿಲ್ಲ. ಹುಚ್ಚೀರಮ್ಮನ ಊರಿನ ಕಡೆಗೆ ಬಸ್ಸು ಅರ್ಧ ಗಂಟೆಗೊಂದಿದೆ. ಇನ್ನೂ ಹತ್ತಿಲ್ಲ.