ಸಾಕ್ಷಿ ಹೇಳಲು ಒಂದು ದಿನದ ರಜೆ

ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಈ ಕಥೆಯನ್ನು ಹೀಗೆ ಹೇಳುತ್ತಾರೆ: ಹೊಸದಾಗಿ ಸೇರಿದ ಹುಡುಗಿ ನಿಯಮದ ಪುಸ್ತಕ ತಂದು ಸಾಹೇಬರ ಮೇಜಿನ ಮೇಲೆ ಬಡಿದಳು, ಸಾಹೇಬರು ಬೆವರು ಒರೆಸಿಕೊಂಡು ಸಹಿ ಹಾಕಿದರು. ಹೇಳುವವರಿಗೆ ಖುಷಿ, ಕೇಳುವವರಿಗೂ ಖುಷಿ. ನನಗೂ ಖುಷಿಯಾಗಬೇಕಿತ್ತು, ಏಕೆಂದರೆ ಅದರಲ್ಲಿ ನಾನೇ ನಾಯಕಿ. ಆದರೆ ನಾನು ಯಾರಿಗೂ ಏನೂ ಬಡಿದಿಲ್ಲ. ಅಲ್ಲದೆ, ನನ್ನ ವಾದದಿಂದ ರಜೆ ಸಿಕ್ಕಿತು ಅನ್ನುವುದು ಇನ್ನೂ ದೊಡ್ಡ ಸುಳ್ಳು. ವಾದದಿಂದ ಅದು ಹೆಚ್ಚುಕಡಿಮೆ ಕೈತಪ್ಪಿತ್ತು.

ನಡೆದದ್ದು ಇಷ್ಟು. ಬಜಾಜ್ ನಗರದಲ್ಲಿ ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ವಿಜಾಪುರದ ಕಡೆಯವರು, ನಾಗ್ಪುರದಲ್ಲೇ ಮುದುಕಿಯಾದವರು. ಸಣ್ಣ ಮಗ ತೀರಿಕೊಂಡ ಮೇಲೆ ಅವನ ಹೆಂಡತಿ, ಅಂದರೆ ನಾನು ವೈನಿ ಅಂತ ಕರೆಯುವ ಹೆಣ್ಣುಮಗಳು, ಅಜ್ಜಿಯ ಜೊತೆಗೇ ಉಳಿದಳು. ದೊಡ್ಡ ಮಗ ಪುಣೆಯಲ್ಲಿ ಬ್ಯಾಂಕಿನಲ್ಲಿದ್ದಾರೆ. ನಾನು ಅವರಿಗೆ ಕಾಕಾ ಅನ್ನುತ್ತೇನೆ. ಒಂದು ಭಾನುವಾರ ಅಜ್ಜಿ ಬಾಲ್ಕನಿಯಿಂದ ಬಗ್ಗಿ, "ಏ ವಾದಾಡೂ ಹುಡುಗಿ, ಪೆನ್ನು ತೊಗೊಂಡು ಮ್ಯಾಲ ಬಾ" ಅಂತ ಕೂಗಿದರು. ಹೋದೆ. ಮೇಜಿನ ಮೇಲೆ ಮೃತ್ಯುಪತ್ರ, ಅಂದರೆ ಉಯಿಲು, ಇತ್ತು. ತಾನಿದ್ದ ಮನೆ ತನ್ನ ನಂತರ ಸೊಸೆಗೆ ಅಂತ ಅದರಲ್ಲಿತ್ತು. ಅಜ್ಜಿ ಸಹಿ ಹಾಕಿದರು. ಅವರ ಎದುರಿಗೆ ನಾನೂ, ಕೆಳಗಿನ ಮನೆಯ ನಿವೃತ್ತ ಮೇಷ್ಟ್ರೂ ಸಾಕ್ಷಿಯಾಗಿ ಸಹಿ ಹಾಕಿದೆವು. ಆಮೇಲೆ ಅವಲಕ್ಕಿ ತಿಂದೆವು.

ಅಜ್ಜಿ ಹೋದರು. ಸ್ವಲ್ಪ ದಿನಕ್ಕೆ ಮೇಷ್ಟ್ರೂ ಹೋದರು. ಕಾಕಾ ಮನೆಯಲ್ಲಿ ಪಾಲು ಕೇಳಿ ದಾವೆ ಹಾಕಿದರು. ಆ ಪತ್ರ ನಂಬುವಂಥದ್ದಲ್ಲ, ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ ಅಂದರು. ಪತ್ರ ಖರೇ ಅಂತ ತೋರಿಸಲು ಸಹಿ ಹಾಕಿದ ಸಾಕ್ಷಿ ಬಂದು ಹೇಳಬೇಕು. ಬದುಕಿದ್ದವಳು ನಾನೊಬ್ಬಳೇ. ವೈನಿಯ ವಕೀಲರು ಮೊದಲೇ ಒಂದೆರಡು ತಾರೀಖು ಮುಂದೂಡಿಸಿಕೊಂಡಿದ್ದರಿಂದ, ಇದೇ ಕೊನೆಯ ಅವಕಾಶ, ಅವತ್ತು ಸಾಕ್ಷಿ ಬರದಿದ್ದರೆ ನಿಮ್ಮ ಕಡೆಯ ಸಾಕ್ಷ್ಯ ಮುಗಿಯಿತು ಅಂತ ಕೋರ್ಟು ಹೇಳಿಬಿಟ್ಟಿತ್ತು. ಅಂದರೆ ನಾನು ಹೋಗದಿದ್ದರೆ ವೈನಿಯ ಮನೆ ಅರ್ಧವಾಗುತ್ತಿತ್ತು. ಅರ್ಧ ಮನೆಯಲ್ಲಿ ಯಾರೂ ಇರಲಾಗುವುದಿಲ್ಲ, ಮಾರಬೇಕಾಗುತ್ತದೆ.

ಸಮನ್ಸು ನನ್ನ ಕಚೇರಿಗೆ, ಕಚೇರಿ ಮುಖ್ಯಸ್ಥರ ಮೂಲಕ ಬಂತು. ಟಪಾಲಿನವನು ಅದಕ್ಕೆ ಮೊಹರು ಹೊಡೆಯುವಷ್ಟರಲ್ಲೇ ಸುದ್ದಿ ಎರಡು ಮಹಡಿ ಇಳಿದಿತ್ತು. "ಕ್ಯಾ ಕಿಯಾ ತೂನೇ?" ಅಂತ ಪಕ್ಕದ ಸೀಟಿನವಳು ಕೇಳಿದಳು. ಕೋರ್ಟಿನಿಂದ ಕಾಗದ ಬಂತು ಅಂದರೆ ಏನೋ ಮಾಡಿರಲೇಬೇಕು ಅನ್ನುವುದು ನಮ್ಮ ಕಚೇರಿಯ ನಂಬಿಕೆ.

ನನ್ನ ಸಾದಾ ರಜೆಗಳೆಲ್ಲ ಅಕ್ಕನ ಮದುವೆಗೆ ತೀರಿದ್ದವು. ತಾರೀಖು ಬಿದ್ದ ವಾರವೇ ತಪಾಸಣೆಯ ತಂಡ ಬರುವುದಿತ್ತು. ಗಳಿಕೆ ರಜೆ ಯಾರಿಗೂ ಇಲ್ಲ ಅಂತ ಆದೇಶ. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ, ಮಂಜೂರಿ ಇಲ್ಲದೆ ಗೈರಾದರೆ ಏನಾಗುತ್ತದೆ ಅಂತ ಹೆದರಿಸಲು ಕಚೇರಿ ತುಂಬ ತಜ್ಞರಿದ್ದರು.

ಆದರೆ ನಿಯಮ ನನ್ನ ಕಡೆ ಇತ್ತು. ಹುಡುಕಿದೆ, ಸಿಕ್ಕಿತು: ತನ್ನ ಖಾಸಗಿ ಹಿತಾಸಕ್ತಿ ಇಲ್ಲದ ಪ್ರಕರಣದಲ್ಲಿ ಸಾಕ್ಷಿ ಹೇಳಲು ಕೋರ್ಟು ಕರೆದರೆ, ನೌಕರರಿಗೆ ವಿಶೇಷ ಸಾಂದರ್ಭಿಕ ರಜೆ ಕೊಡಬಹುದು. ನಮ್ಮ ಶಾಖೆಯಲ್ಲಿ ಅದನ್ನು ಯಾರೂ ಕೇಳಿದವರಿರಲಿಲ್ಲ. ಎಲ್ಲರೂ ಸುಮ್ಮನೆ ಸಾದಾ ರಜೆ ಹಾಕಿ, ಕಾರಣದಲ್ಲಿ 'ಘರಗುತೀ ಕಾಮ' ಅಂತ ಬರೆದು ಹೋಗಿ ಬರುತ್ತಿದ್ದರು. ಕೋರ್ಟಿಗೆ ಹೋಗುವುದೂ ಮನೆಗೆಲಸವೇ!

ನಾನು ಒಂದೂವರೆ ಪುಟದ ಅರ್ಜಿ ಬರೆದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದಾಗ ನಮಗೆ ಕಲಿಸಿದ್ದು ಹಾಗೆಯೇ: ಮೊದಲು ನಿಯಮ, ನಂತರ ತರ್ಕ, ಕೊನೆಗೆ ಎದೆಗೆ ತಾಕುವ ಒಂದು ಮಾತು. ಎದೆಗೆ ತಾಕುವ ಮಾತು ಹೀಗಿತ್ತು: ಮೃತರು ನನ್ನ ಸ್ವಂತ ಅಜ್ಜಿಯಂತಿದ್ದರು, ಅವರ ವಿಧವೆ ಸೊಸೆಗೆ ನ್ಯಾಯ ಸಿಗಬೇಕೆಂಬುದು ನನ್ನ ಹೃತ್ಪೂರ್ವಕ ಆಸೆ. ಸಮನ್ಸಿನ ಪ್ರತಿ ಲಗತ್ತಿಸಿ ಕೊಟ್ಟೆ.

ಎರಡನೆಯ ದಿನ ಅರ್ಜಿ ವಾಪಸು ಬಂತು. ಆಡಳಿತದ ಸಾಹೇಬರು ಆ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಅರ್ಜಿದಾರರ ಖಾಸಗಿ ಹಿತಾಸಕ್ತಿ ಕಾಣುತ್ತದೆ, ವಿಶೇಷ ರಜೆ ಬರುವುದಿಲ್ಲ ಅಂತ ಬರೆದಿದ್ದರು.

ನಮ್ಮ ಶಾಖೆಯ ಮುಖ್ಯಸ್ಥರು ಗದಗದ ಕಡೆಯವರು. ಎಲ್ಲರೆದುರು ನನ್ನ ಜೊತೆ ಮರಾಠಿ, ಬೈಯುವುದಿದ್ದರೆ ಕನ್ನಡ. ಅವತ್ತು ಕನ್ನಡದಲ್ಲಿ ಕರೆದರು.

"ಬಾ ತಂಗಿ, ಕೂಡು. ಏನಿದು? ಅರ್ಜಿಯೋ, ಭಾಷಣಾನೋ?"

"ಸರ್, ಅವರಿಗೆ ಹಿತಾಸಕ್ತಿ ಅಂದ್ರ ಏನಂತ ಗೊತ್ತಿಲ್ರಿ. ಆ ಮನ್ಯಾಗ ನನಗ ಒಂದು ಇಟ್ಟಂಗಿನೂ ಬರಂಗಿಲ್ಲ. ಮೃತ್ಯುಪತ್ರದಾಗ ನನ್ನ ಹೆಸರಿರೋದು ಸಾಕ್ಷಿ ಅಂತ ಅಷ್ಟ."

"ಅದು ನನಗ ಗೊತ್ತಾತು. ಆದ್ರ ಆಸೆ ಐತಿ ಅಂತ ಬರದಾಕಿ ಯಾರು?"

"ಆಸೆ ಬ್ಯಾರೆ, ಹಿತಾಸಕ್ತಿ ಬ್ಯಾರೆ. ನಾ ಸುಳ್ಳು ಬರೀಲೇನ್ರಿ, ಅಜ್ಜಿ ಯಾರೋ ಅಂತ?"

"ಯಾರು ಸುಳ್ಳು ಬರಿ ಅಂದ್ರು? ಕೇಳಿದ್ದಕ್ಕಷ್ಟ ಉತ್ತರ ಬರಿ ಅಂದೆ. ಸಾಹೇಬ್ರು ನಿನಗ ಅಜ್ಜಿ ಮ್ಯಾಲ ಪ್ರೀತಿ ಐತೇನು ಅಂತ ಕೇಳ್ಯಾರೇನು?"

"ಪ್ರೀತಿ ಇದ್ದವರು ಖರೇ ಹೇಳಂಗಿಲ್ಲ ಅಂತ ಯಾವ ನಿಯಮದಾಗ ಐತ್ರಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಕೂಡ ಗೆದ್ದು ಏನ್ ಮಾಡ್ತಿ? ನಾ ಮಂಜೂರಿ ಮಾಡಂವ ಅಲ್ಲ. ನೋಡಿಲ್ಲಿ." ಸಮನ್ಸಿನ ಪ್ರತಿಯನ್ನು ನನ್ನ ಕಡೆ ತಿರುಗಿಸಿದರು. ವಾದಿ, ಪ್ರತಿವಾದಿ, ಅವರ ಹೆಸರುಗಳು. ಕೆಳಗೆ, ಸಾಕ್ಷಿಯಾಗಿ, ನನ್ನ ಹೆಸರು. "ನೀ ವಾದಿನೂ ಅಲ್ಲ, ಪ್ರತಿವಾದಿನೂ ಅಲ್ಲ ಅಂತ ಕೋರ್ಟೇ ಬರದು ಕೊಟ್ಟೈತಿ. ಇದರ ಮ್ಯಾಲ ನಿಂದೇನು ಒಗ್ಗರಣಿ?"

ಇಲ್ಲಿ ನಾನು ಸೋತೆ ಅಂತ ಬರೆಯುವುದು ಸುಲಭ. ಸೋತಿರಲಿಲ್ಲ. ಆ ನಿಯಮ ಇದೆ ಅಂತ ಅವರಿಗೂ ಮೊದಲು ಗೊತ್ತಿರಲಿಲ್ಲ. ನಾನು ತೋರಿಸಿದ ಮೇಲೆ ಅವರೇ ಒಪ್ಪಿದ್ದರು. ಪ್ರೀತಿ ಹಿತಾಸಕ್ತಿಯಲ್ಲ ಅನ್ನುವ ಮಾತನ್ನು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ತಾರೀಖು ಹತ್ತಿರ ಬಂದಿತ್ತು, ಮೇಲಿನ ಮನೆಯಲ್ಲಿ ವೈನಿ ರಾತ್ರಿ ನಿದ್ದೆ ಬಿಟ್ಟು ಓಡಾಡುವ ಸಪ್ಪಳ ನಮ್ಮ ಚಾವಣಿಯಲ್ಲಿ ಕೇಳುತ್ತಿತ್ತು.

ಹೊಸ ಅರ್ಜಿ ಬರೆದೆ. ಇಂಥ ಕೋರ್ಟು, ಇಂಥ ದಾವೆ, ಇಂಥ ದಿನ ಸಾಕ್ಷಿಯಾಗಿ ಹಾಜರಾಗಲು ಸಮನ್ಸು ಬಂದಿದೆ, ಪ್ರತಿ ಲಗತ್ತಿಸಿದೆ. ನಾನು ಪಕ್ಷಗಾರಳಲ್ಲ, ಆ ಆಸ್ತಿಯಲ್ಲಿ ನನಗೆ ಯಾವ ಹಕ್ಕೂ ಇಲ್ಲ. ಬಂದ ಮೇಲೆ ಕೋರ್ಟಿನ ಹಾಜರಿ ಪ್ರಮಾಣಪತ್ರ ಸಲ್ಲಿಸುತ್ತೇನೆ. ಮುಗಿಯಿತು.

"ಹಳೇದು ಹರದ ಹಾಕೂದೇನ್ರಿ?" ಅಂದೆ.

"ಹುಚ್ಚಿ! ಫೈಲಿನಾಗಿಂದ ಏನೂ ತೆಗೀಬಾರ್ದು. ಅದರ ಮ್ಯಾಲ ಇದು ಕೂಡ್ತೈತಿ." ಅವರೇ ಟಿಪ್ಪಣಿ ಬರೆದರು: ಅರ್ಜಿದಾರರು ಸ್ಪಷ್ಟೀಕರಣದೊಂದಿಗೆ ಹೊಸ ಅರ್ಜಿ ಕೊಟ್ಟಿದ್ದಾರೆ, ಲಗತ್ತಿಸಿದ ಸಮನ್ಸಿನ ಪ್ರಕಾರ ಅವರು ಸಾಕ್ಷಿ ಮಾತ್ರ, ನಿಯಮದಂತೆ ಪರಿಶೀಲಿಸಬಹುದು.

ತಾರೀಖಿನ ಹಿಂದಿನ ಸಂಜೆ, ನಾನು ಸ್ಕೂಟಿಯ ಕೀಲಿ ಕೈಗೆತ್ತಿಕೊಂಡಿದ್ದಾಗ ಫೈಲು ಬಂತು. ಮಂಜೂರು. ಮುಖ್ಯಸ್ಥರು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ, "ಪ್ರಮಾಣಪತ್ರ ತರದಿದ್ದರೆ ಗೈರುಹಾಜರಿ, ನೆನಪಿರಲಿ" ಅಂದರು. ಮನೆ ಮುಟ್ಟಿದವಳೇ ಚಪ್ಪಲಿ ಕೂಡ ಬಿಡದೆ ಮೇಲೆ ಓಡಿ ವೈನಿಗೆ ಹೇಳಿದೆ. ಆಕೆ ಗ್ಯಾಸಿನ ಉರಿ ಸಣ್ಣ ಮಾಡಿ, ಅಲ್ಲೇ ಕಟ್ಟೆಗೆ ಒರಗಿ ನಿಂತಳು. ಅವತ್ತು ರಾತ್ರಿ ನಮ್ಮ ಚಾವಣಿಯಲ್ಲಿ ಸಪ್ಪಳವಿರಲಿಲ್ಲ.

ಕೋರ್ಟಿನಲ್ಲಿ ಬೆಳಿಗ್ಗೆಯಿಂದ ಕಾಯಿಸಿ ಊಟದ ನಂತರ ಕರೆದರು. ಪ್ರಮಾಣ ಮಾಡಿಸಿದರು. ವೈನಿಯ ವಕೀಲರು ಕೇಳಿದ್ದು ಸ್ವಲ್ಪ: ಸಹಿ ಯಾರದು, ನಿಮ್ಮ ಎದುರಿಗೆ ಹಾಕಿದರೇ, ಅವರ ಎದುರಿಗೆ ನೀವಿಬ್ಬರೂ ಹಾಕಿದಿರೇ. ಹೌದು, ಹೌದು, ಹೌದು. ಆಮೇಲೆ ಕಾಕಾನ ವಕೀಲರು ಎದ್ದರು.

"ಅವರ ಕಣ್ಣಿಗೆ ಮೋತಿಬಿಂದು, ಪೊರೆ ಬಂದಿತ್ತು, ಓದಲು ಬರುತ್ತಿರಲಿಲ್ಲ, ಅಲ್ಲವೇ?"

"ಅವರೇ ಗಟ್ಟಿಯಾಗಿ ಓದಿದರು. ಒಂದು ಕಡೆ ಅಕ್ಷರ ಬಿಟ್ಟುಹೋಗಿತ್ತು, ಟೈಪ್ ಮಾಡಿದವನಿಗೆ ಬೈದರು."

ನ್ಯಾಯಾಧೀಶರು ಸಣ್ಣಗೆ ನಕ್ಕು, ಬೈದದ್ದನ್ನು ಬಿಟ್ಟು ಉಳಿದದ್ದನ್ನು ಟೈಪಿಸ್ಟರಿಗೆ ಹೇಳಿ ಬರೆಸಿದರು.

"ಮೃತರು ನಿಮಗೆ ಸ್ವಂತ ಅಜ್ಜಿಯಂತೆ. ಪ್ರತಿವಾದಿ ಗೆಲ್ಲಲಿ ಅಂತ ನಿಮಗೆ ಆಸೆಯಿದೆ. ಸರಿಯೇ?"

ನನ್ನ ಅರ್ಜಿಯ ಸಾಲನ್ನೇ ಅವರು ಓದಿದಂತಿತ್ತು. ಓದಿರಲು ಸಾಧ್ಯವಿರಲಿಲ್ಲ, ಎಲ್ಲ ಸಾಕ್ಷಿಗಳಿಗೂ ಇದನ್ನೇ ಕೇಳುತ್ತಾರಂತೆ. ನಾಲಿಗೆಯ ತುದಿಗೆ ಪೂರ್ತಿ ಭಾಷಣ ಬಂತು. ನುಂಗಿದೆ.

"ಸರಿ," ಅಂದೆ.

"ಅದಕ್ಕೇ ನೀವು ಸುಳ್ಳು ಹೇಳುತ್ತಿದ್ದೀರಿ?"

"ಇಲ್ಲ."

ಅಷ್ಟೇ. ಅವರು ಕೂತರು. ಟೈಪಾದ ಹೇಳಿಕೆ ಓದಿ ಸಹಿ ಹಾಕಿದೆ. ಹೊರಗೆ ಬಂದೆ. ತೀರ್ಪು ಇನ್ನೂ ದೂರ, ಅದು ನನಗೆ ಗೊತ್ತು. ಆದರೆ ಅಜ್ಜಿಯ ಸಹಿ ಅಜ್ಜಿಯದೇ ಅಂತ ಈಗ ಕೋರ್ಟಿನ ಕಡತದಲ್ಲಿತ್ತು, ಕೊನೆಯ ಅವಕಾಶ ಹೋಗಲಿಲ್ಲ. ವೈನಿ ವಕೀಲರ ಹಿಂದೆ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡು, ನನಗೆ ಮಾತ್ರ ಕಾಣುವಂತೆ ತಲೆ ಆಡಿಸಿದಳು.

ಹಾಜರಿ ಪ್ರಮಾಣಪತ್ರಕ್ಕೆ ಗುಮಾಸ್ತರು ಕಾಯಲು ಹೇಳಿದ್ದರು. ಅದೇ ಬೆಂಚಿನ ಇನ್ನೊಂದು ತುದಿಗೆ ಕಾಕಾ ಬಂದು ಕೂತರು. ಸಣ್ಣವಳಿದ್ದಾಗ ಪುಣೆಯಿಂದ ಬಂದಾಗೆಲ್ಲ ನನಗೆ ಬಾಕರವಡಿ ತರುತ್ತಿದ್ದ ಮನುಷ್ಯ. ನಾನು ನೆಲ ನೋಡಿದೆ. ಅವರು ಬಾಗಿಲು ನೋಡಿದರು.

"ಏನ್ ಕಾಯಾಕತ್ತಿ?"

"ಸರ್ಟಿಫಿಕೇಟ್ ಕಾಕಾ. ವಿಶೇಷ ರಜಾ ಕೊಟ್ಟಾರ, ಇದನ್ನ ತೋರಿಸಬೇಕು."

"ಚಲೋ ಆತು ನಿಂದು," ಅಂದರು. ಸಿಟ್ಟು ಇರಲಿಲ್ಲ, ದಣಿವಿತ್ತು. "ನನಗೆಲ್ಲಿ ವಿಶೇಷ? ನಾ ವಾದಿ. ಪ್ರತಿ ತಾರೀಖಿಗೂ ನನ್ನ ಗಳಿಕಿ ರಜಾನ ಹೋಗ್ತಾವ. ಹೋದ ಸಲ ಮ್ಯಾನೇಜರ್ ಅರ್ಜಿ ವಾಪಸ್ ಕೊಟ್ಟು, ಕಾರಣ ಬರೀಲಿಲ್ಲಲ್ಲ ಅಂದ."

ಗುಮಾಸ್ತರು ನನ್ನ ಹೆಸರು ಕೂಗಿದರು. ಎದ್ದು ಹೋಗಿ ಕಾಗದ ತೆಗೆದುಕೊಂಡೆ, ಮೊಹರು ಬಿದ್ದಿದೆಯೇ ನೋಡಿದೆ. ಹಾಗೇ ಹೋಗಿಬಿಡಬಹುದಿತ್ತು. ಆದರೆ ತಿರುಗಿ ಬಂದೆ. ಅವರನ್ನು ಸೋಲಿಸಲು ಅಲ್ಲ, ತಮ್ಮನ ಹೆಂಡತಿಯ ಮೇಲಿನ ದಾವೆಗೆ ಏನು ಕಾರಣ ಬರೆಯುತ್ತಾರೆ ಅಂತ ನಿಜಕ್ಕೂ ತಿಳಿಯಬೇಕಿತ್ತು.

"ಕಾಕಾ, ಆಮ್ಯಾಲ ಏನ್ ಕಾರಣ ಬರದ್ರಿ?"