ದಿನಾ ಬಂದ ‘ಮುಗಿಯಿತು’

“ಭೂಮಿ ಮುಳುಗಿದ್ರೂ ನಮ್ಮ ಸಾಲಿ ಮಾರ್ಕ್ಸು ತೇಲ್ತಾವ್ರಿ!” ರಾಯದುರ್ಗದ ಖಾಸಗಿ ಶಾಲೆಯ ಕಂಪ್ಯೂಟರ್ ಆಪರೇಟರ್ ಹಂಪಮ್ಮ ಹೀಗೆ ಊರಿಗೆಲ್ಲ ಸಾರಿದ್ದಳು. ದಿನಾ ರಾತ್ರಿ ಮಾರ್ಕ್ಸಿನ ನಕಲನ್ನು ಬೇರೊಂದು ಡಿಸ್ಕಿಗೆ ಇಳಿಸುವ ಬ್ಯಾಕಪ್ ಪ್ರೋಗ್ರಾಮು ಅವಳೇ ಬರೆದದ್ದು. ಬೆಳಿಗ್ಗೆ ಪರದೆಯ ಮೇಲೆ ‘ಮುಗಿಯಿತು’ ಎಂದು ಬಂದಿರುತ್ತಿತ್ತು.

ಕಂಪ್ಯೂಟರ್ ಕೆಟ್ಟು ನಾಲ್ಕು ತಿಂಗಳ ಮಾರ್ಕ್ಸು ಹೋದಾಗಲೇ ಗುಟ್ಟು ತಿಳಿದದ್ದು. ನಾಲ್ಕು ತಿಂಗಳ ಹಿಂದೆ ಆಯುಧಪೂಜೆಗೆಂದು ಕಂಪ್ಯೂಟರಿನಿಂದ ಬಿಚ್ಚಿದ್ದ ಬ್ಯಾಕಪ್ ಡಿಸ್ಕು, ಕುಂಕುಮ ಹಚ್ಚಿಕೊಂಡು ಬೀರುವಿನಲ್ಲಿ ದೇವರಾಗಿಬಿಟ್ಟಿತ್ತು. ನಕಲು ಆಗಲಿ ಬಿಡಲಿ, ಪ್ರೋಗ್ರಾಮು ಮಾತ್ರ ‘ಮುಗಿಯಿತು’ ಎನ್ನುತ್ತಿತ್ತು.

ಅವಳ ಕೆಲಸ ಉಳಿಯುವುದು, ಏನಾಯಿತೆಂದು ಅವಳೇ ಬರೆದುಕೊಡಬೇಕಾದ ವರದಿಯ ಮೇಲಿತ್ತು. ಹಂಪಮ್ಮ ಏನನ್ನೂ ಮುಚ್ಚಿಡಲಿಲ್ಲ. ಈ ಕೆಲಸಕ್ಕೆ ಬರುವ ಮುಂಚೆ ಗಾರ್ಮೆಂಟ್ಸಿನಲ್ಲಿ ಜೀನ್ಸ್ ಹೊಲಿಯುವಾಗ ಹೊಲಿಗೆ ಎಳೆದು ನೋಡುತ್ತಿದ್ದಂತೆ, ಇನ್ನು ವಾರವಾರ ಬ್ಯಾಕಪ್ಪಿನಿಂದ ಒಂದು ಫೈಲು ವಾಪಸು ತೆಗೆದು ನೋಡುತ್ತೇನೆಂದೂ ಬರೆದಳು.

ಶಾಲೆ ನಡೆಸುವ ಕರೆಸ್ಪಾಂಡೆಂಟ್ ವಿರುಪಣ್ಣ ಓದಿ, ಬಳ್ಳಾರಿಗೆ ಕೇಳುವಂತೆ ಗುಡುಗಿದರು: “ಸುಳ್ಳು ಬರ್ದಿಲ್ಲ, ಅದಕ್ಕ ಕೆಲಸ ಇರ್ಲಿ. ಆದ್ರ ಆ ಡಬ್ಬಿ ನಾಲ್ಕು ತಿಂಗಳು ಯಾಕ ಬಾಯಿ ಬಿಡ್ಲಿಲ್ಲ?”

“ದಿನಾ ‘ಮುಗೀತು, ಮುಗೀತು’ ಅಂತ ಬಡ್ಕೊಂತಿತ್ರಿ ಸಾರ್. ನಾನೇ ಒಳ್ಳೇ ಸುದ್ದಿ ಅಂದ್ಕೊಂಡೆ!”