ಎರಡೂ ಬಣ್ಣದ ಕುರಿ

ನಾಗನೂರಿನ ಮಾಲಿಂಗ ಮಾಸ್ತರರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೂಡಲಗಿಯ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಏಳು ವರ್ಷ ಗಣಿತ ಕಲಿಸಿದ್ದರು. ಉತ್ತರ ತಪ್ಪಿದ್ದರೆ ಕೆಂಪು ಪೆನ್ನಿನಿಂದ ಒಂದೇ ಗೀಟು ಎಳೆದು ಮುಂದೆ ಹೋಗುವುದು ಅವರ ಪದ್ಧತಿ. ಏಕೆ ತಪ್ಪಿತು ಎಂದು ಕೇಳುತ್ತ ಕೂತರೆ ಪಾಠ ಮುಗಿಯುವುದು ಯಾವಾಗ ಎನ್ನುತ್ತಿದ್ದರು.

ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಅವರ ವಿದ್ಯಾರ್ಥಿನಿ, ತುಕ್ಕಾನಟ್ಟಿಯ ಅರ್ಚನಾ ಫೋನ್ ಮಾಡಿದಳು. ಪ್ರಥಮ ಪಿಯು ಗಣಿತದಲ್ಲಿ ಮೂರು ಅಂಕ ಕಡಿಮೆ ಬಿದ್ದು, ಮರುದಿನ ಪೂರಕ ಪರೀಕ್ಷೆಗೆ ಕೂರುವವಳು. ಇದರಲ್ಲೂ ನಪಾಸಾದರೆ ಕಾಲೇಜು ಸಾಕು, ಕುರಿ ಹಿಂದೆ ನಡಿ ಎಂದು ಅವಳ ಅಪ್ಪ ಬೀರಸಿದ್ದಪ್ಪ ಹೇಳಿಬಿಟ್ಟಿದ್ದ.

"ಸರ್, ಗಣದ ಲೆಕ್ಕ ಒಂದೂ ಕೂಡವಲ್ದರಿ. ಚಿತ್ರದ ಫೋಟೋ ಹಾಕೇನಿ, ನೋಡ್ರಿ. ಫೋನ್ ಅಪ್ಪಂದರಿ, ಅದನ್ನ ತಗೊಂಡ ನಾಕೂವರಿ ಬಸ್ಸಿಗಿ ದಡ್ಡಿ ಊರ ಕಡೆ, ಮೇಯಾಕ ಬಿಟ್ಟ ಕುರಿ ಹಂತ್ಯಾಕ ಹೊಂಟಾನ."

ಮಾಸ್ತರರು ಫೋಟೋ ತೆರೆದರು. ಚೌಕದೊಳಗೆ ಒಂದನ್ನೊಂದು ಹಾಯ್ದ ಎರಡು ವೃತ್ತ, ಎಡದ್ದು ಎ, ಬಲದ್ದು ಬಿ. ಒಂದರಿಂದ ಇಪ್ಪತ್ತರವರೆಗಿನ ಸಂಖ್ಯೆಗಳು ಅಲ್ಲಲ್ಲಿ ಕೂತಿದ್ದವು. ಎಣಿಸಿದರು. ಎ-ಯಲ್ಲಿ ಮಾತ್ರ ಏಳು, ನಡುವೆ ನಾಲ್ಕು, ಬಿ-ಯಲ್ಲಿ ಮಾತ್ರ ಐದು, ವೃತ್ತಗಳ ಹೊರಗೆ ಮೂರು. ಕೂಡಿದರೆ ಹತ್ತೊಂಬತ್ತು. ಒಂದು ಎಲ್ಲಿ ಹೋಯಿತು? ಮೂಲೆಯಲ್ಲಿ ಅವಳ ಹೆಬ್ಬೆರಳು ಕಾಣುತ್ತಿತ್ತು.

"ಬಳ್ಳು ತಗದು ಇನ್ನೊಮ್ಮಿ ಹೊಡಿ" ಎಂದರು.

ನೆಟ್‌ವರ್ಕ್ ಸಿಗದೆ ಆ ಫೋಟೋ ಬರುವ ಹೊತ್ತಿಗೆ ನಾಲ್ಕೂ ಇಪ್ಪತ್ತಾಯಿತು. ಮೂಲೆಯಲ್ಲಿ ಹದಿನೇಳು ಅಡಗಿತ್ತು. ಹೊರಗೆ ನಾಲ್ಕು, ಒಟ್ಟು ಇಪ್ಪತ್ತು. ಕೆಳಗೆ ಹುಡುಗಿ ಬರೆದ ಎಣಿಕೆಯೂ ಏಳು, ನಾಲ್ಕು, ಐದು, ನಾಲ್ಕು. ಎಲ್ಲ ಸರಿ. ಆದರೆ ಎ ಅಥವಾ ಬಿ-ಯಲ್ಲಿ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂಟು ಎಂದಿತ್ತು.

ಮಾಸ್ತರರ ತಲೆ ಕೆಟ್ಟಿತು. "ಇಪ್ಪತ್ತರಾಗ ಹೊರಗಿನ ನಾಕು ತಗದ್ರ ಹದಿನಾರು ಉಳಿತಾವ. ನೀ ಎಂಟ ಎಲ್ಲಿಂದ ತಂದಿ?"

"ಸೂತ್ರ ಹಾಕೇನ್ರಿ. ಎ ಏಳು, ಬಿ ಐದು, ಕೂಡಿ ಹನ್ನೆರಡು. ನಡುವಿನ ನಾಕು ಕಳದ್ರ ಎಂಟು."

"ಎ ಏಳು ಹೆಂಗವಾ? ನಡುವಿನವೂ ಎ ಒಳಗ ಅದಾವಲ್ಲ."

ಆಚೆ ಬೀರಸಿದ್ದಪ್ಪ ಚೀಲ ಕಟ್ಟುತ್ತ ಫೋನ್ ಕೊಡು ಎನ್ನುತ್ತಿದ್ದ. ನಾಲ್ಕೂ ಇಪ್ಪತ್ತೈದು ಆಗಿತ್ತು. ಮಾಸ್ತರರು ಮೊದಲ ಸಲ, ಬೈಯುವ ಬದಲು ಕೇಳಿದರು: "ಎ-ದಾಗ ಏಳ ಅಂತ ಯಾಕ ಅನಿಸ್ತು ನಿನಗ?"

"ನಡುವಿನವು ಎರಡೂ ಗುರ್ತಿನ ಕುರಿ ಇದ್ದಂಗರಿ. ಪಾಲಿನವು. ನಮ್ಮ ಎಣಿಕ್ಯಾಗೂ ಹಿಡಿಯಂಗಿಲ್ಲ, ಕಾಕಾನ ಎಣಿಕ್ಯಾಗೂ ಹಿಡಿಯಂಗಿಲ್ಲ. ಬ್ಯಾರೇನ ಎಣಸೂದು."

ಮಾಸ್ತರರದೂ ಕುರಿ ಸಾಕುವ ಮನೆ, ಅದೇ ರೂಢಿ. ಅಪ್ಪನ ಕುರಿಯ ಬೆನ್ನಿಗೆ ಕೆಂಪು, ಕಾಕಾನ ಕುರಿಗೆ ನೀಲಿ, ಇಬ್ಬರೂ ಕೂಡಿ ಕೊಂಡದ್ದಕ್ಕೆ ಎರಡೂ ಬಣ್ಣ. ಪಿಯುದಲ್ಲಿ ಇದೇ ಅಧ್ಯಾಯದಲ್ಲಿ ಅವರೂ ಒಮ್ಮೆ ಮುಗ್ಗರಿಸಿದ್ದರು. ಏಕೆಂದು ಅಂದು ಯಾರೂ ಕೇಳಿರಲಿಲ್ಲ. ಬಾಯಿಪಾಠ ಮಾಡಿ ಪಾಸಾಗಿದ್ದರು, ಅಷ್ಟೆ. ಈ ಹುಡುಗಿಯ ಎರಡು ಕಿರುಪರೀಕ್ಷೆಗಳ ಮೇಲೆ ತಾವೇ ಗೀಟು ಎಳೆದದ್ದು ನೆನಪಾಗಿ ನಾಚಿಕೆಯಾಯಿತು.

"ಅರ್ಚನಾ, ಕುರಿ ಯಾರದು ಅಂತ ಗಣಿತ ಕೇಳಂಗಿಲ್ಲ. ಮೈಮ್ಯಾಲ ಕೆಂಪು ಐತೇನು ಅಂತ ಅಷ್ಟ ಕೇಳತೈತಿ. ಎರಡೂ ಬಣ್ಣದ ಕುರಿ ಮ್ಯಾಲ ಕೆಂಪು ಐತೋ ಇಲ್ಲೋ?"

"ಐತ್ರಿ."

"ನೀಲಿ?"

"ಅದೂ ಐತ್ರಿ." ಮತ್ತೆ ಎಣಿಸಿ ಹೇಳಿದಳು: "ಹಂಗಾರ ಕೆಂಪು ಹನ್ನೊಂದು, ನೀಲಿ ಒಂಬತ್ತು. ಕೂಡಿದ್ರ ಇಪ್ಪತ್ತು. ಎರಡೂ ಬಣ್ಣದವು ಎರಡ ಸಲ ಬಂದಾವ, ಒಮ್ಮಿ ತಗೀಬೇಕು. ಹದಿನಾರು..."

ಅಷ್ಟರಲ್ಲಿ ಫೋನ್ ಅಪ್ಪನ ಕೈಗೆ ಹೋಯಿತು. "ಬಸ್ ಬಂತರಿ ಮಾಸ್ತರ" ಎಂದು ಬೀರಸಿದ್ದಪ್ಪ ಕರೆ ಕಡಿದ.

ಆ ಸಂಜೆ ಮಾಸ್ತರರಿಗೆ ಚಹಾ ಕೂಡ ಸೇರಲಿಲ್ಲ. ಅವಳಿಗೆ ತಿಳಿಯಿತೋ, ಬರೀ ಒಂದು ಲೆಕ್ಕದ ಉತ್ತರ ಸಿಕ್ಕಿತೋ, ಮತ್ತೆ ಕೇಳಲು ದಾರಿಯಿರಲಿಲ್ಲ.

ಮರುದಿನ ಪರೀಕ್ಷೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದರು. ಅರ್ಚನಾ ಪ್ರಶ್ನೆಪತ್ರಿಕೆ ಚಾಚಿದಳು. ಬೇರೆಯೇ ಚಿತ್ರ. ಪ್ರತಿ ಭಾಗದ ಪಕ್ಕದಲ್ಲೂ ಎಣಿಕೆ ಬರೆದಿದ್ದಳು. ಮಾಸ್ತರರು ಅಲ್ಲೇ ಎರಡು ಸಲ ಎಣಿಸಿದರು. ಎ-ಯಲ್ಲಿ ಹದಿನೈದು, ಬಿ-ಯಲ್ಲಿ ಹದಿನಾಲ್ಕು, ಎರಡರಲ್ಲೂ ಇರುವುದು ಆರು, ಉತ್ತರ ಇಪ್ಪತ್ಮೂರು. ಸರಿಯಾಗಿತ್ತು.

"ಪಾಸಾಗ್ತಿ ಬಿಡವಾ" ಎಂದರು.

ಅರ್ಚನಾ ನಗಲಿಲ್ಲ. "ಸರ್, ನೀವು ಮೊದಲನೇ ಟೆಸ್ಟಿಗೆ ಯಾಕ ಅಂತ ಕೇಳಿದ್ರ, ಅವತ್ತ ಹೇಳ್ತಿದ್ನಿರಿ" ಎಂದಳು.

ಮಾಸ್ತರರು ಮನೆಗೆ ಬಂದು ಹಳೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರು. ಅದೇ ತಪ್ಪು, ಅದೇ ಕೆಂಪು ಗೀಟು, ಇನ್ನೂ ನಾಲ್ಕು ಮಕ್ಕಳ ಹಾಳೆಗಳ ಮೇಲಿತ್ತು. ಇಬ್ಬರು ಆಗಲೇ ಕಾಲೇಜು ಬಿಟ್ಟಿದ್ದರು. ಮೊದಲು ಅವರಿಗೇ ಫೋನ್ ಹಚ್ಚಿದರು.